0.52 ಎಂಬ ಸಂಖ್ಯೆಯ ಮೂಲ: ವೃತ್ತದ ವಿಸ್ತೀರ್ಣ, ಗೋಳದ ಘನಫಲ ಮತ್ತು ಅನುಕಲನ

ಮೂವತ್ತು ವರ್ಷಗಳ ಹಿಂದಿನ ಮಾತು. ಕರ್ನಾಟಕದ ಒಂದು ಬೋಧನಾ ಆಸ್ಪತ್ರೆಯಲ್ಲಿ ನಾನಾಗ ಕಿರಿಯ ವೈದ್ಯ. ಕೊರಳಿನಲ್ಲಿ ಗಂಟು ಕಾಣಿಸಿಕೊಂಡಿದ್ದ ನಡುವಯಸ್ಸಿನ ಮಹಿಳೆಯೊಬ್ಬರು ತಪಾಸಣೆಗೆ ಬಂದಿದ್ದರು. ಥೈರಾಯ್ಡ್ ಗ್ರಂಥಿಯಲ್ಲಿದ್ದ ಆ ಗಂಟು ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಬಹುಮಟ್ಟಿಗೆ ದುಂಡಗೆ ಕಂಡಿತು. ಅದರ ಅಡ್ಡಳತೆ 3 ಸೆಂಟಿಮೀಟರ್. ಪಿಯುಸಿಯಲ್ಲಿ ಕಂಠಪಾಠ ಮಾಡಿದ್ದ ಗೋಳದ ಸೂತ್ರವನ್ನು ನೆನಪಿಸಿಕೊಂಡು, ಕ್ಯಾಲ್ಕುಲೇಟರ್ ಒತ್ತಿ, ಗಂಟಿನ ಘನಫಲ 113 ಮಿಲಿಲೀಟರ್ ಎಂದು ನಾನು ಕೇಸ್ ಶೀಟಿನಲ್ಲಿ ಬರೆದೆ. ಆಕೆ ಕೇಳಿದಾಗ ಅದನ್ನೇ ಹೇಳಿಯೂಬಿಟ್ಟೆ. "ಅಂದ್ರೆ ಅರ್ಧ ಲೋಟ ನೀರಿನಷ್ಟಾ ಡಾಕ್ಟ್ರೇ?" ಎಂದವರ ಮುಖ ಬಿಳಿಚಿಕೊಂಡಿತ್ತು.

ಮರುದಿನ ಬೆಳಗಿನ ರೌಂಡ್ಸಿನಲ್ಲಿ ನಮ್ಮ ಹಿರಿಯ ವೈದ್ಯರು ಹಾಳೆಯನ್ನು ನೋಡಿದರು, ಆಕೆಯ ಕೊರಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಏನಪ್ಪಾ, ಇಷ್ಟು ದೊಡ್ಡ ಗಂಟು ಈ ತಾಯಿಯ ಕೊರಳಲ್ಲಿ ಎಲ್ಲಿದೆ, ಸ್ವಲ್ಪ ತೋರಿಸು" ಎಂದರು. ನಾನು ತ್ರಿಜ್ಯವನ್ನು ಹಾಕಬೇಕಾದ ಜಾಗದಲ್ಲಿ ವ್ಯಾಸವನ್ನು ಹಾಕಿದ್ದೆ. ಉತ್ತರ ಎಂಟು ಪಟ್ಟು ಹಿಗ್ಗಿತ್ತು. ನಿಜವಾದ ಘನಫಲ ಸುಮಾರು 14 ಮಿಲಿಲೀಟರ್ ಮಾತ್ರ. ತಪ್ಪನ್ನು ಸರಿಪಡಿಸಿ, ಆಕೆಯಲ್ಲಿ ಕ್ಷಮೆ ಕೇಳಿದ್ದಾಯಿತು. ಆದರೆ ಹಿರಿಯರು ಅಲ್ಲಿಗೇ ಬಿಡಲಿಲ್ಲ. "ಆ ನಾಲ್ಕು ಬಟಾ ಮೂರು ಎಲ್ಲಿಂದ ಬಂತು ಅಂತ ಗೊತ್ತಿದ್ದಿದ್ದರೆ ಹೀಗಾಗುತ್ತಿರಲಿಲ್ಲ" ಎಂದರು. ನನಗೆ ಗೊತ್ತಿರಲಿಲ್ಲ.

ಇಂಗ್ಲೆಂಡಿಗೆ ಬಂದ ಮೇಲೆ ಇಲ್ಲಿನ ಅಲ್ಟ್ರಾಸೌಂಡ್ ಯಂತ್ರಗಳಲ್ಲಿ ಇನ್ನೊಂದು ಸಂಖ್ಯೆ ದಿನವೂ ಎದುರಾಗತೊಡಗಿತು. ಗಂಟಾಗಲಿ, ಪ್ರಾಸ್ಟೇಟ್ ಗ್ರಂಥಿಯಾಗಲಿ, ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ಅದನ್ನು 0.52ರಿಂದ ಗುಣಿಸಿದರೆ ಘನಫಲ ದೊರೆಯುತ್ತದೆ. ಈ 0.52 ಯಾರೋ ಪ್ರಯೋಗಾಲಯದಲ್ಲಿ ಅಳೆದು ನಿಗದಿಪಡಿಸಿದ ಸಂಖ್ಯೆಯೆಂದೇ ನನ್ನ ಅನೇಕ ಸಹೋದ್ಯೋಗಿಗಳು ಭಾವಿಸಿದ್ದಾರೆ. ಅದು ಹಾಗಲ್ಲ. ಅದು ಗೋಳದ ಸೂತ್ರವೇ, ವೇಷ ಮರೆಸಿಕೊಂಡು ಬಂದದ್ದು. ಅದು ಹೇಗೆ ಹುಟ್ಟುತ್ತದೆ, ಹುಟ್ಟಿಸುವಾಗ ಎಲ್ಲಿ ಎಡವಬಹುದು ಎಂಬುದನ್ನು ಈ ಲೇಖನದಲ್ಲಿ ಮೊದಲಿನಿಂದ ನೋಡೋಣ.

ವೃತ್ತ: ಬಳೆಗಳ ಮೊತ್ತ

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಪೈ ಎಂದರೆ ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಇದು ಅದರ ವ್ಯಾಖ್ಯೆ. ಆದ್ದರಿಂದ R ತ್ರಿಜ್ಯವುಳ್ಳ ವೃತ್ತದ ಪರಿಧಿ 2πR ಎಂಬುದಕ್ಕೆ ಬೇರೆ ಸಾಧನೆ ಬೇಕಿಲ್ಲ. ಆದರೆ ಪರಿಧಿಯೆಂಬುದು ಉದ್ದ. ವಿಸ್ತೀರ್ಣವೆಂಬುದು ಬೇರೆಯೇ ಜಾತಿಯ ಅಳತೆ. ಉದ್ದಕ್ಕಾಗಿ ವ್ಯಾಖ್ಯಿಸಿದ ಅದೇ ಪೈ ವಿಸ್ತೀರ್ಣದಲ್ಲಿಯೂ ಏಕೆ ಕಾಣಿಸಿಕೊಳ್ಳಬೇಕು? ಸಾಧಿಸಬೇಕಾದದ್ದು ಇದನ್ನು.

ಈರುಳ್ಳಿಯನ್ನು ಅಡ್ಡಲಾಗಿ ಕತ್ತರಿಸಿದಾಗ ಒಂದರೊಳಗೊಂದು ಕೂತ ಬಳೆಗಳು ಕಾಣುತ್ತವೆಯಷ್ಟೆ. ವೃತ್ತವನ್ನೂ ಹಾಗೆಯೇ ತೆಳುವಾದ ಬಳೆಗಳಾಗಿ ವಿಂಗಡಿಸೋಣ. ಕೇಂದ್ರದಿಂದ r ದೂರದಲ್ಲಿರುವ, dr ಅಗಲದ ಒಂದು ಬಳೆಯನ್ನು ಕತ್ತರಿಸಿ ನೆಟ್ಟಗೆ ಚಾಚಿದರೆ, ಅದು ಸುಮಾರಾಗಿ ಒಂದು ಪಟ್ಟಿಯಾಗುತ್ತದೆ. ಅದರ ಉದ್ದ 2πr, ಅಗಲ dr. ಈ ಪಟ್ಟಿಗಳ ವಿಸ್ತೀರ್ಣವನ್ನೆಲ್ಲ ಕೇಂದ್ರದಿಂದ ಅಂಚಿನವರೆಗೆ ಕೂಡಿದರೆ ವೃತ್ತದ ವಿಸ್ತೀರ್ಣ ಬರಬೇಕು:

A = ∫₀ᴿ 2πr dr = 2π · R²/2 = πR²

ಇಲ್ಲಿ 'ಸುಮಾರಾಗಿ' ಎಂದೆ. ಈ ಮಾತನ್ನು ಹಾಗೆಯೇ ದಾಟಿ ಹೋಗುವುದು ಸರಿಯಲ್ಲ. ಬಳೆಯ ಒಳ ಅಂಚು ಚಿಕ್ಕದು, ಹೊರ ಅಂಚು ದೊಡ್ಡದು. ಅದನ್ನು ನೆಟ್ಟಗೆ ಮಾಡಿದರೆ ನಿಖರವಾದ ಆಯತ ಸಿಗುವುದಿಲ್ಲ. ಹಾಗಿರುವಾಗ ಅಂತಿಮ ಉತ್ತರ ನಿಖರವಾಗಿರುವುದಾದರೂ ಹೇಗೆ?

ವೃತ್ತವನ್ನು N ಬಳೆಗಳಾಗಿ ವಿಭಜಿಸೋಣ; ಪ್ರತಿಯೊಂದರ ಅಗಲ h = R/N. ಪ್ರತಿ ಬಳೆಯ ವಿಸ್ತೀರ್ಣವು, ಒಳ ಅಂಚಿನ ಉದ್ದವನ್ನು ಹಿಡಿದು ಮಾಡಿದ ಪಟ್ಟಿಗಿಂತ ಹೆಚ್ಚು, ಹೊರ ಅಂಚಿನ ಉದ್ದವನ್ನು ಹಿಡಿದು ಮಾಡಿದ ಪಟ್ಟಿಗಿಂತ ಕಡಿಮೆ. ಒಳ ಅಂಚುಗಳ ಪಟ್ಟಿಗಳನ್ನೆಲ್ಲ ಕೂಡಿದರೆ 0ಯಿಂದ N−1ರವರೆಗಿನ ಸಂಖ್ಯೆಗಳ ಮೊತ್ತ ಬೇಕಾಗುತ್ತದೆ, ಅದು N(N−1)/2. ಹೊರ ಅಂಚುಗಳಿಗೆ 1ರಿಂದ Nವರೆಗಿನ ಮೊತ್ತ, ಅದು N(N+1)/2. ಪ್ರತಿಯೊಂದನ್ನೂ 2πh²ದಿಂದ ಗುಣಿಸಿದರೆ:

ಕೆಳಮಿತಿ = πR²(1 − 1/N)
ಮೇಲ್ಮಿತಿ = πR²(1 + 1/N)

ಹತ್ತು ಬಳೆಗಳಾದರೆ ನಿಜವಾದ ವಿಸ್ತೀರ್ಣವು 0.9πR² ಮತ್ತು 1.1πR² ನಡುವೆ ಇರುತ್ತದೆ. ಸಾವಿರ ಬಳೆಗಳಾದರೆ 0.999 ಮತ್ತು 1.001ರ ನಡುವೆ. ನಾವು ಎಷ್ಟು ಬಳೆಗಳನ್ನಾದರೂ ಮಾಡಬಹುದು, ವೃತ್ತದ ವಿಸ್ತೀರ್ಣ ಮಾತ್ರ ಬದಲಾಗುವುದಿಲ್ಲ. ಎಲ್ಲ ಇಕ್ಕಟ್ಟುಗಳ ನಡುವೆಯೂ ಉಳಿಯಬಲ್ಲ ಸಂಖ್ಯೆ ಒಂದೇ: πR². ಅನುಕಲನದ ಚಿಹ್ನೆಯಲ್ಲಿ ಅಡಗಿರುವುದು ಈ ಇಕ್ಕಟ್ಟಿನ ವಾದವೇ. ಅಲ್ಲಿ ತಪ್ಪನ್ನು ಕಣ್ಮುಚ್ಚಿ ಬಿಟ್ಟಿಲ್ಲ. ತಪ್ಪು ಎಷ್ಟೆಂದು ಲೆಕ್ಕ ಹಾಕಿ, ಅದು ಸೊನ್ನೆಗೆ ಹೋಗುತ್ತದೆಂದು ಖಚಿತಪಡಿಸಿಕೊಂಡ ಮೇಲೆಯೇ ಬಿಟ್ಟಿದ್ದೇವೆ.

ಗೋಳ: ಬಿಲ್ಲೆಗಳ ರಾಶಿ

ಈಗ ಗೋಳಕ್ಕೆ ಬರೋಣ. ದುಂಡಗಿನ ಕಿತ್ತಳೆಯೊಂದನ್ನು ಒಂದೇ ದಪ್ಪದ ಬಿಲ್ಲೆಗಳಾಗಿ ಹೆಚ್ಚುತ್ತೇವೆ ಎಂದುಕೊಳ್ಳಿ. ಕೇಂದ್ರದಿಂದ x ದೂರದಲ್ಲಿರುವ ಬಿಲ್ಲೆಯ ತ್ರಿಜ್ಯವೆಷ್ಟು? ಕೇಂದ್ರದಿಂದ ಬಿಲ್ಲೆಯ ಮಧ್ಯಕ್ಕೆ ಒಂದು ಗೆರೆ, ಅಲ್ಲಿಂದ ಸಿಪ್ಪೆಯವರೆಗೆ ಇನ್ನೊಂದು, ಸಿಪ್ಪೆಯಿಂದ ಮರಳಿ ಕೇಂದ್ರಕ್ಕೆ ಮತ್ತೊಂದು. ಇದು ಲಂಬಕೋನ ತ್ರಿಭುಜ. ಅದರ ಕರ್ಣ R. ಪೈಥಾಗೊರಸನ ಪ್ರಮೇಯದಂತೆ ಬಿಲ್ಲೆಯ ತ್ರಿಜ್ಯದ ವರ್ಗ R² − x². ಆದ್ದರಿಂದ ಬಿಲ್ಲೆಯ ಮುಖದ ವಿಸ್ತೀರ್ಣ π(R² − x²), ದಪ್ಪ dx. ಒಂದು ಧ್ರುವದಿಂದ ಇನ್ನೊಂದು ಧ್ರುವದವರೆಗೆ ಕೂಡಿದರೆ:

V = ∫ π(R² − x²) dx, x = −Rನಿಂದ Rವರೆಗೆ
 = π(2R³ − 2R³/3)
 = (4/3)πR³

ನನ್ನ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಎರಡನೆಯ ಸಾಲಿನಲ್ಲಿದೆ. 2πR³ ಎಂಬುದು ಗೋಳವನ್ನು ಸರಿಯಾಗಿ ಹಿಡಿಸುವ ಉರುಳೆಯ ಘನಫಲ: ತಳ πR², ಎತ್ತರ 2R. ಅಂಚಿನ ಕಡೆಗೆ ಸಾಗಿದಂತೆ ಬಿಲ್ಲೆಗಳು ಕಿರಿದಾಗುವುದರಿಂದ ಅದರಲ್ಲಿ ಮೂರನೆಯ ಒಂದು ಭಾಗ ಕಳೆದುಹೋಗುತ್ತದೆ. ಉಳಿಯುವುದು ಉರುಳೆಯ ಮೂರನೆಯ ಎರಡು ಭಾಗ. ಸೂತ್ರದ ಛೇದದಲ್ಲಿರುವ ಮೂರು, x²ವನ್ನು ಅನುಕಲಿಸಿದಾಗ ಬರುವ x³/3ರ ಮೂರೇ. ಗೋಳವು ತನ್ನನ್ನು ಸುತ್ತುವರಿದ ಉರುಳೆಯ ಮೂರನೆಯ ಎರಡರಷ್ಟು ಎಂಬುದನ್ನು ಆರ್ಕಿಮಿಡೀಸ್ ಅನುಕಲನದ ಚಿಹ್ನೆಗಳಿಲ್ಲದೆಯೇ ಸಾಧಿಸಿದ್ದ.

ಸಂಖ್ಯೆಗಳಲ್ಲಿ ಇದನ್ನು ನೋಡುವುದು ಉಪಯುಕ್ತ. 5 ಸೆಂಟಿಮೀಟರ್ ತ್ರಿಜ್ಯದ ಗೋಳವನ್ನು 1 ಸೆಂಟಿಮೀಟರ್ ದಪ್ಪದ ಹತ್ತು ಬಿಲ್ಲೆಗಳಾಗಿ ಹೆಚ್ಚೋಣ. ಒಂದು ಅರ್ಧದ ಐದು ಬಿಲ್ಲೆಗಳ ನಡುಮಧ್ಯಗಳು ಕೇಂದ್ರದಿಂದ 0.5, 1.5, 2.5, 3.5, 4.5 ಸೆಂಟಿಮೀಟರ್ ದೂರದಲ್ಲಿವೆ. 25ರಿಂದ ಇವುಗಳ ವರ್ಗಗಳನ್ನು ಕಳೆದರೆ ತ್ರಿಜ್ಯಗಳ ವರ್ಗಗಳು ಸಿಗುತ್ತವೆ: 24.75, 22.75, 18.75, 12.75, 4.75. ಇವುಗಳ ಮೊತ್ತ 83.75, ಎರಡು ಅರ್ಧಗಳಿಗೆ 167.5. ಪೈಯಿಂದ ಗುಣಿಸಿದರೆ 526.2 ಘನ ಸೆಂಟಿಮೀಟರ್. ಸೂತ್ರದಿಂದ ಬರುವ ನಿಖರವಾದ ಉತ್ತರ 523.6. ಕೇವಲ ಹತ್ತು ಬಿಲ್ಲೆಗಳಿಂದ ವ್ಯತ್ಯಾಸ ಶೇ. 0.5ಕ್ಕೆ ಇಳಿಯಿತು. ಇಪ್ಪತ್ತು ಬಿಲ್ಲೆಗಳನ್ನು ಮಾಡಿದರೆ ಅದು ಇದರ ಕಾಲು ಭಾಗಕ್ಕೆ, ಎಂದರೆ ಸುಮಾರು ಶೇ. 0.13ಕ್ಕೆ ಇಳಿಯುತ್ತದೆ. ಈ ಇಪ್ಪತ್ತು ಎಂಬ ಸಂಖ್ಯೆಗೆ ಕೊನೆಯಲ್ಲಿ ಮರಳುತ್ತೇನೆ.

ಯಾವ ದಪ್ಪ?

ಮಗಳು ಇಲ್ಲಿನ ಶಾಲೆಯಲ್ಲಿ ಅನುಕಲನ ಕಲಿಯುತ್ತಿದ್ದಾಗ ಇದೇ ಲೆಕ್ಕವನ್ನು ಬೇರೆ ರೀತಿಯಲ್ಲಿ ಮಾಡಿ ತಂದಳು. "ಅಪ್ಪಾ, ನಾನು ಕೋನದಿಂದ ಮಾಡಿದೆ, ಬೇರೆ ಉತ್ತರ ಬಂತು" ಎಂದಳು. ಅವಳ ವಿಧಾನ ಹೀಗಿತ್ತು. ಧ್ರುವದಿಂದ ಅಳೆದ ಕೋನ θ ಆಗಿರುವಲ್ಲಿ ಬಿಲ್ಲೆಯ ತ್ರಿಜ್ಯ R sin θ. ಕೋನವು dθದಷ್ಟು ಹೆಚ್ಚಿದಾಗ ಗೋಳದ ಮೇಲ್ಮೈಯಲ್ಲಿ ನಾವು R dθ ದೂರ ಸಾಗುತ್ತೇವೆ. ಅದನ್ನೇ ಬಿಲ್ಲೆಯ ದಪ್ಪವೆಂದು ತೆಗೆದುಕೊಂಡು ಕೂಡಿದರೆ:

∫ π(R sin θ)² · R dθ, θ = 0ಯಿಂದ πವರೆಗೆ = π²R³/2

5 ಸೆಂಟಿಮೀಟರ್ ತ್ರಿಜ್ಯಕ್ಕೆ ಇದು 616.9 ಘನ ಸೆಂಟಿಮೀಟರ್, ನಿಜಕ್ಕಿಂತ ಶೇ. 18ರಷ್ಟು ಹೆಚ್ಚು. ಅನುಕಲನದ ಹೆಜ್ಜೆಗಳಲ್ಲಿ ಒಂದೂ ತಪ್ಪಿಲ್ಲ. ಬಿಲ್ಲೆಗಳನ್ನು ಎಷ್ಟೇ ತೆಳುವಾಗಿಸಿದರೂ ಈ ತಪ್ಪು ಕರಗುವುದಿಲ್ಲ. ಹಾಗಾದರೆ ದೋಷವೆಲ್ಲಿದೆ?

ಬಿಲ್ಲೆಯ ಅಂಚು ಓರೆಯಾಗಿದೆ. R dθ ಎಂಬುದು ಆ ಓರೆ ಅಂಚಿನ ಉದ್ದ. ಬಿಲ್ಲೆಯ ದಪ್ಪವಾದರೋ ಒಂದು ಮುಖದಿಂದ ಇನ್ನೊಂದಕ್ಕೆ ನೇರವಾಗಿ ಅಳೆದ ದೂರ, ಅದು R sin θ dθ. ನಡುಭಾಗದಲ್ಲಿ ಎರಡೂ ಒಂದೇ. ಧ್ರುವದ ಬಳಿ ಓರೆ ಅಂಚು ನಿಜವಾದ ದಪ್ಪಕ್ಕಿಂತ ಅನೇಕ ಪಟ್ಟು ಉದ್ದ. ಇದನ್ನು ಪತ್ತೆಹಚ್ಚಲು ಒಂದು ಸುಲಭ ಉಪಾಯವಿದೆ. ಬಿಲ್ಲೆಗಳ ದಪ್ಪಗಳನ್ನು ಮಾತ್ರ ಕೂಡಿ ನೋಡಬೇಕು. ಮಗಳ ದಪ್ಪಗಳನ್ನು ಕೂಡಿದರೆ πR, ಎಂದರೆ 15.7 ಸೆಂಟಿಮೀಟರ್. ಹತ್ತು ಸೆಂಟಿಮೀಟರ್ ಎತ್ತರದ ಗೋಳವನ್ನು ಹೆಚ್ಚಿ ಮತ್ತೆ ಪೇರಿಸಿದರೆ ರಾಶಿ ಹದಿನಾರು ಸೆಂಟಿಮೀಟರ್ ಹತ್ತಿರ ಆಗುವುದುಂಟೆ? ಇದನ್ನು ತೋರಿಸಿದಾಗ ಅವಳೇ ನಕ್ಕು sin θವನ್ನು ಸೇರಿಸಿದಳು. ಉತ್ತರ 4/3ಕ್ಕೆ ಬಂದು ನಿಂತಿತು.

ಆದರೆ ಕೂಡಲೇ ಅವಳದೊಂದು ಮರುಪ್ರಶ್ನೆ: "ಹಾಗಾದ್ರೆ ಮೇಲ್ಮೈ ವಿಸ್ತೀರ್ಣಕ್ಕೆ ನಮ್ಮ ಪುಸ್ತಕದಲ್ಲಿ R dθ ಅಂತಲೇ ಇದೆಯಲ್ಲ?" ಪ್ರಶ್ನೆ ಒಳ್ಳೆಯದು, ಏಕೆಂದರೆ ಅಲ್ಲಿ ಓರೆ ಅಂಚೇ ಸರಿ. ಮೇಲ್ಮೈಯೆಂದರೆ ಸಿಪ್ಪೆ. ಬಿಲ್ಲೆಯ ಸುತ್ತ ಅಂಟಿಕೊಂಡಿರುವ ಸಿಪ್ಪೆಯ ಪಟ್ಟಿಯ ಅಗಲ ಆ ಓರೆ ಅಂಚಿನ ಉದ್ದವೇ. ಆದ್ದರಿಂದ

S = ∫ 2πR sin θ · R dθ, θ = 0ಯಿಂದ πವರೆಗೆ = 4πR²

ಇಲ್ಲಿ dx ಬಳಸಿದರೆ ತಪ್ಪು ಎದುರು ದಿಕ್ಕಿನಲ್ಲಿ ಬರುತ್ತದೆ: ಉತ್ತರ π²R² ಆಗಿ, ನಿಜಕ್ಕಿಂತ ಐದನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಪತ್ತೆಹಚ್ಚುವ ಉಪಾಯವೂ ಅದೇ. ಸಿಪ್ಪೆಯ ಪಟ್ಟಿಗಳ ಅಗಲಗಳನ್ನು ಕೂಡಿದರೆ ಧ್ರುವದಿಂದ ಧ್ರುವಕ್ಕೆ ಮೇಲ್ಮೈಗುಂಟ ಸಾಗಿದ ದೂರ πR ಬರಬೇಕು. Dx ಬಳಸಿದಾಗ ಬರುವುದು 2R ಮಾತ್ರ.

ಒಂದೇ ಬಿಲ್ಲೆ, ಎರಡು ಅಳತೆಗಳು. ಘನಫಲಕ್ಕೆ ಒಂದು, ಮೇಲ್ಮೈಗೆ ಇನ್ನೊಂದು. ಘನಫಲದ ವಿಷಯದಲ್ಲಿ ಅಂಚಿನ ಓರೆಯನ್ನು ಕಡೆಗಣಿಸಬಹುದೆನ್ನಲು ಆಧಾರವೇನು? ಇಲ್ಲಿಯೂ ಇಕ್ಕಟ್ಟಿನ ವಾದವೇ ಆಧಾರ. ಅರ್ಧಗೋಳದ ಪ್ರತಿ ಹೋಳೂ ತನ್ನ ಚಿಕ್ಕ ಮುಖದ ಮೇಲೆ ಕಟ್ಟಿದ ಬಿಲ್ಲೆಗಿಂತ ದೊಡ್ಡದು, ದೊಡ್ಡ ಮುಖದ ಮೇಲೆ ಕಟ್ಟಿದ ಬಿಲ್ಲೆಗಿಂತ ಚಿಕ್ಕದು. ಒಂದು ಹೋಳಿನ ಚಿಕ್ಕ ಮುಖವೇ ಮುಂದಿನ ಹೋಳಿನ ದೊಡ್ಡ ಮುಖವಾದ್ದರಿಂದ, ದೊಡ್ಡ ರಾಶಿಗೂ ಚಿಕ್ಕ ರಾಶಿಗೂ ಇರುವ ಒಟ್ಟು ವ್ಯತ್ಯಾಸ ಕೇವಲ ತಳದ ಒಂದು ಬಿಲ್ಲೆಯಷ್ಟು: πR²h. ದಪ್ಪ h ಸೊನ್ನೆಯತ್ತ ಸಾಗಿದಂತೆ ಇದೂ ಸೊನ್ನೆಯಾಗುತ್ತದೆ. ಮೇಲ್ಮೈಗೆ ಇಂಥ ಇಕ್ಕಟ್ಟು ಒದಗುವುದಿಲ್ಲ. ಬಿಲ್ಲೆಗಳ ರಾಶಿ ಗೋಳದ ಘನಫಲವನ್ನು ಎಷ್ಟು ಬೇಕಾದರೂ ಸಮೀಪಿಸಬಲ್ಲದು. ಅದರ ಮೆಟ್ಟಿಲು ಮೆಟ್ಟಿಲಾದ ಅಂಚು ಮಾತ್ರ ಗೋಳದ ನುಣುಪಾದ ಸಿಪ್ಪೆಯಾಗದು.

ಲೀಲಾವತಿಯಲ್ಲಿ 0.52

ಈಗ 0.52ರ ಕಡೆಗೆ ತಿರುಗೋಣ. ವೈದ್ಯರು ತ್ರಿಜ್ಯವನ್ನು ಅಳೆಯುವುದಿಲ್ಲ; ಗಂಟಿನ ಕೇಂದ್ರ ಎಲ್ಲಿದೆಯೆಂದು ಯಾರಿಗೂ ಕಾಣುವುದಿಲ್ಲ. ಅಳೆಯಲು ಸಿಗುವುದು ಅಂಚಿನಿಂದ ಅಂಚಿಗಿರುವ ವ್ಯಾಸ d. ಸೂತ್ರದಲ್ಲಿ R = d/2 ಎಂದು ಹಾಕಿದರೆ (4/3)π · d³/8, ಎಂದರೆ πd³/6. ಪೈಯನ್ನು ಆರರಿಂದ ಭಾಗಿಸಿದರೆ 0.5236. ಯಂತ್ರದ 0.52 ಇದೇ. ಗಂಟು ಪೂರ್ತಿ ದುಂಡಗಿರದೆ ಮೊಟ್ಟೆಯಂತಿದ್ದರೆ, ಗೋಳವನ್ನು ಮೂರು ದಿಕ್ಕುಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಎಳೆದಂತೆ. ಒಂದು ದಿಕ್ಕಿನಲ್ಲಿ ಎರಡು ಪಟ್ಟು ಎಳೆದರೆ ಪ್ರತಿ ಬಿಲ್ಲೆಯ ಘನಫಲವೂ ಎರಡು ಪಟ್ಟಾಗುತ್ತದೆ. ಹಾಗಾಗಿ d³ ಇದ್ದಲ್ಲಿ ಉದ್ದ × ಅಗಲ × ಎತ್ತರ ಬರುತ್ತದೆ. ಮುಂದಿನ ಗುಣಕ ಬದಲಾಗುವುದಿಲ್ಲ.

ಈ ಗುಣಕಕ್ಕೆ ನಮ್ಮಲ್ಲಿ ದೀರ್ಘವಾದ ಇತಿಹಾಸವಿದೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ವೃತ್ತದ ವಿಸ್ತೀರ್ಣ ಸರಿಯಾಗಿದೆ: ಪರಿಧಿಯ ಅರ್ಧವನ್ನು ವ್ಯಾಸದ ಅರ್ಧದಿಂದ ಗುಣಿಸಬೇಕು. ಆದರೆ ಗೋಳದ ಘನಫಲಕ್ಕೆ ಆ ವಿಸ್ತೀರ್ಣವನ್ನು ಅದರದೇ ವರ್ಗಮೂಲದಿಂದ ಗುಣಿಸಲು ಹೇಳಲಾಗಿದೆ. ಇದು ನಿಜಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಎರಡು ನಿಯಮಗಳನ್ನು ಕೊಡುತ್ತಾನೆ. ಸ್ಥೂಲ ನಿಯಮ: ವ್ಯಾಸಾರ್ಧದ ಘನವನ್ನು ಒಂಬತ್ತರಿಂದ ಗುಣಿಸಿ ಅರ್ಧಿಸಬೇಕು. ಸೂಕ್ಷ್ಮ ನಿಯಮ: ಅದರ ಹತ್ತನೆಯ ಒಂಬತ್ತು ಭಾಗ. ನಮ್ಮ ಗುಣಕಕ್ಕೆ ಬದಲಾಯಿಸಿಕೊಂಡರೆ ಮೊದಲನೆಯದು 0.5625, ಎರಡನೆಯದು 0.506. ಸೂಕ್ಷ್ಮ ನಿಯಮದ ತಪ್ಪು ಕೇವಲ ಶೇ. 3ರಷ್ಟು, ನಾವು ಅಲ್ಟ್ರಾಸೌಂಡಿನಲ್ಲಿ ವ್ಯಾಸವನ್ನು ಅಳೆಯುವಾಗ ಒಂದು ಮಿಲಿಮೀಟರ್ ಆಚೀಚೆಯಾದರೆ ಆಗುವ ತಪ್ಪಿಗಿಂತ ಇದು ಹೆಚ್ಚೇನೂ ಅಲ್ಲ.

1150ರಲ್ಲಿ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಸರಿಯಾದ ಸಂಬಂಧವನ್ನೇ ಹೇಳುತ್ತಾನೆ: ವೃತ್ತದ ಕ್ಷೇತ್ರಫಲದ ನಾಲ್ಕು ಪಟ್ಟು ಗೋಳದ ಮೇಲ್ಮೈ, ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಿದರೆ ಘನಫಲ. ಕೈಲೆಕ್ಕಕ್ಕೆಂದು ಇನ್ನೊಂದು ಸುಲಭ ನಿಯಮವನ್ನೂ ಕೊಡುತ್ತಾನೆ: ವ್ಯಾಸದ ಘನದ ಅರ್ಧಕ್ಕೆ, ಆ ಅರ್ಧದ ಇಪ್ಪತ್ತೊಂದನೆಯ ಒಂದು ಭಾಗವನ್ನು ಸೇರಿಸಬೇಕು. ಎಂದರೆ 11/21, ಅದು 0.5238. ನನ್ನ ಯಂತ್ರ ತೋರಿಸುವ 0.52ಗಿಂತ ಇದೇ ನಿಜಕ್ಕೆ ಹೆಚ್ಚು ಹತ್ತಿರ.

ಭಾಸ್ಕರನು ಮೇಲ್ಮೈಯಿಂದ ಘನಫಲಕ್ಕೆ ಸಾಗುವ ದಾರಿಯೂ ಚೆನ್ನಾಗಿದೆ. ಗೋಳವನ್ನು ಬಿಲ್ಲೆಗಳಾಗಿ ಹೆಚ್ಚುವ ಬದಲು, ಮೇಲ್ಮೈಯ ಪ್ರತಿ ಸಣ್ಣ ತುಂಡಿನಿಂದ ಕೇಂದ್ರದವರೆಗೆ ಸೂಜಿಯಂತೆ ಚೂಪಾಗುವ ಹೋಳುಗಳನ್ನಾಗಿ ಅದನ್ನು ಕಲ್ಪಿಸಿಕೊಳ್ಳಬೇಕು. ಚೂಪಾದ ಪ್ರತಿ ಹೋಳಿನ ಘನಫಲ ತಳ × ಎತ್ತರ / 3. ಎತ್ತರ ಎಲ್ಲಕ್ಕೂ R. ತಳಗಳೆಲ್ಲ ಕೂಡಿದರೆ ಇಡೀ ಮೇಲ್ಮೈ. ಆದ್ದರಿಂದ ಘನಫಲ 4πR² × R/3. ಅದೇ 4/3, ಬೇರೆ ದಾರಿಯಲ್ಲಿ.

ಹೃದಯದ ಇಪ್ಪತ್ತು ಬಿಲ್ಲೆಗಳು

ಗಂಟು ದುಂಡಗಿರಬಹುದು, ಹೃದಯದ ಎಡ ಹೃತ್ಕುಕ್ಷಿ ಗೋಳವೂ ಅಲ್ಲ, ಮೊಟ್ಟೆಯೂ ಅಲ್ಲ. ಹೃದಯಾಘಾತದ ನಂತರ ಅದರ ಒಂದು ಗೋಡೆ ಉಬ್ಬಿರಬಹುದು. ಅಲ್ಲಿ 0.52 ನಡೆಯುವುದಿಲ್ಲ, ಸೂತ್ರವನ್ನು ಬಿಟ್ಟು ಅದರ ಮೂಲಕ್ಕೇ, ಬಿಲ್ಲೆಗಳ ಮೊತ್ತಕ್ಕೇ ಹಿಂದಿರುಗಬೇಕು. ಎಕೋಕಾರ್ಡಿಯೋಗ್ರಾಮ್ ಮಾಡುವಾಗ ನಾವು ಹೃದಯದ ತುದಿಯಿಂದ, ಒಂದಕ್ಕೊಂದು ಲಂಬವಾಗಿರುವ ಎರಡು ನೋಟಗಳನ್ನು ಹಿಡಿದು, ಕುಕ್ಷಿಯ ಒಳ ಅಂಚನ್ನು ಗುರುತಿಸುತ್ತೇವೆ. ಯಂತ್ರವು ಅದರ ಉದ್ದವನ್ನು ಇಪ್ಪತ್ತು ಸಮಭಾಗ ಮಾಡಿ, ಪ್ರತಿ ಬಿಲ್ಲೆಗೆ ಎರಡು ನೋಟಗಳಿಂದ ಎರಡು ವ್ಯಾಸಗಳನ್ನು ತೆಗೆದುಕೊಂಡು, ಅಂಡಾಕಾರದ ಇಪ್ಪತ್ತು ಬಿಲ್ಲೆಗಳನ್ನು ಕೂಡುತ್ತದೆ. ಹೃದಯ ಹಿಗ್ಗಿದಾಗ ಒಮ್ಮೆ, ಕುಗ್ಗಿದಾಗ ಒಮ್ಮೆ. ಇವೆರಡರ ವ್ಯತ್ಯಾಸದಿಂದಲೇ ಹೃದಯ ಪ್ರತಿ ಬಡಿತಕ್ಕೆ ಎಷ್ಟು ಪಾಲು ರಕ್ತವನ್ನು ಹೊರದೂಡುತ್ತದೆಂದು ತಿಳಿಯುತ್ತದೆ.

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಗಣಿತಜ್ಞ ಥಾಮಸ್ ಸಿಂಪ್ಸನ್ನನ ಹೆಸರಿನಿಂದ ವೈದ್ಯರು ಈ ವಿಧಾನವನ್ನು ಕರೆಯುತ್ತಾರೆ. ಗಣಿತದಲ್ಲಿ ಸಿಂಪ್ಸನ್ ನಿಯಮವೆಂದರೆ ವಾಸ್ತವವಾಗಿ ಬೇರೆ: ಎರಡು ತುದಿಗಳ ಅಡ್ಡಕೊಯ್ತದ ವಿಸ್ತೀರ್ಣಗಳಿಗೆ ನಡುವಿನದರ ನಾಲ್ಕು ಪಟ್ಟನ್ನು ಸೇರಿಸಿ, ಉದ್ದದಿಂದ ಗುಣಿಸಿ, ಆರರಿಂದ ಭಾಗಿಸುವುದು. ಗೋಳಕ್ಕೆ ಅದನ್ನು ಅನ್ವಯಿಸಿದರೆ ತುದಿಗಳಲ್ಲಿ ಸೊನ್ನೆ, ನಡುವೆ πd²/4. ಉತ್ತರ d/6 × πd², ಎಂದರೆ πd³/6. ಒಂದೇ ಅಡ್ಡಕೊಯ್ತದಿಂದ ನಿಖರವಾದ ಉತ್ತರ! ಅಡ್ಡಕೊಯ್ತದ ವಿಸ್ತೀರ್ಣ x²ದ ಘಾತವನ್ನು ಮೀರದಿರುವುದೇ ಇದಕ್ಕೆ ಕಾರಣ.

ಆದರೆ ಕೂಡುವ ವಿಧಾನ ಎಷ್ಟೇ ಸೂಕ್ಷ್ಮವಾಗಿದ್ದರೂ ಎಲ್ಲಿಂದ ಎಲ್ಲಿಯವರೆಗೆ ಕೂಡುತ್ತೇವೆ ಎಂಬುದು ತಪ್ಪಿದರೆ ಪ್ರಯೋಜನವಿಲ್ಲ. ಮತ್ತೆ 5 ಸೆಂಟಿಮೀಟರ್ ತ್ರಿಜ್ಯದ ಗೋಳವನ್ನು ತೆಗೆದುಕೊಳ್ಳಿ. ನಮ್ಮ ನೋಟದ ಸಮತಲಗಳು ಎರಡೂ ಕೇಂದ್ರವನ್ನು 1.5 ಸೆಂಟಿಮೀಟರ್‌ನಷ್ಟು ತಪ್ಪಿಸಿಕೊಂಡು ಹೋದವು ಎಂದುಕೊಳ್ಳೋಣ. ಪರದೆಯ ಮೇಲೆ ಆಗಲೂ ಸುಂದರವಾದ ವೃತ್ತವೇ ಕಾಣುತ್ತದೆ, ಅದರ ತ್ರಿಜ್ಯ ಮಾತ್ರ √(25 − 2.25), ಎಂದರೆ 4.77. ಕೇವಲ ಎರಡು ಮಿಲಿಮೀಟರ್ ಚಿಲ್ಲರೆ ಕಡಿಮೆ. ಘನಫಲವಾದರೋ 523.6ರ ಬದಲು ಸುಮಾರು 455 ಬರುತ್ತದೆ, ಶೇ. 13ರಷ್ಟು ಕೊರತೆ. ಇಪ್ಪತ್ತು ಬಿಲ್ಲೆಗಳನ್ನು ಇನ್ನೂರು ಮಾಡಿದರೂ ಈ ಕೊರತೆ ತುಂಬುವುದಿಲ್ಲ.

ಹೃದಯದಲ್ಲಿ ಇದೇ ತಪ್ಪು ತುದಿಯನ್ನು ತಪ್ಪಿಸಿಕೊಂಡ ನೋಟದ ರೂಪದಲ್ಲಿ ಬರುತ್ತದೆ. ಓರೆಯಾದ ಸಮತಲ ಕುಕ್ಷಿಯನ್ನು ಗಿಡ್ಡವಾಗಿ ತೋರಿಸುತ್ತದೆ. ಘನಫಲ ಕಡಿಮೆ ಬರುತ್ತದೆ. ಪರದೆಯ ಮೇಲಿನ ಅಂಕಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಸುಳಿವು ಚಿತ್ರದಲ್ಲಿರುತ್ತದೆ: ಚೂಪಾಗಿರಬೇಕಾದ ತುದಿ ದುಂಡಗೆ, ದಪ್ಪಗೆ ಕಾಣುತ್ತದೆ; ಎರಡು ನೋಟಗಳಲ್ಲಿ ಅಳೆದ ಉದ್ದಗಳು ಪರಸ್ಪರ ಹೊಂದುವುದಿಲ್ಲ. ಆ ಉದ್ದಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಕಂಡರೆ ನಾನು ಮತ್ತೆ ಚಿತ್ರ ತೆಗೆಯಲು ಹೇಳುತ್ತೇನೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಹೃದಯದ ಈ ಅಳತೆಯಲ್ಲಿ ಇಳಿಕೆ ಕಂಡರೆ ಔಷಧವನ್ನು ನಿಲ್ಲಿಸುವ ನಿರ್ಧಾರವೂ ಬರಬಹುದು. ಅಂಥ ನಿರ್ಧಾರ ಹೃದಯದ ಇಳಿಕೆಯನ್ನು ಆಧರಿಸಿರಬೇಕೇ ಹೊರತು, ಕಳೆದ ಬಾರಿ ಹಿಡಿದ ಸಮತಲಕ್ಕೂ ಈ ಬಾರಿಯದಕ್ಕೂ ಇರುವ ವ್ಯತ್ಯಾಸವನ್ನಲ್ಲ.

ಈಗ ಕಿರಿಯ ವೈದ್ಯರು ಗಂಟೊಂದರ ಘನಫಲವನ್ನು ನನ್ನ ಮುಂದಿಟ್ಟಾಗ ನಾನು ಕ್ಯಾಲ್ಕುಲೇಟರ್ ತೆಗೆಯುವುದಿಲ್ಲ. ಮೊದಲು ಮನಸ್ಸಿನಲ್ಲೇ ಒಂದು ಡಬ್ಬಿಯನ್ನು ಕಲ್ಪಿಸಿಕೊಳ್ಳುತ್ತೇನೆ. ಯಾವ ಗೋಳವೂ ತನ್ನನ್ನು ಹಿಡಿಸುವ ಚೌಕ ಡಬ್ಬಿಗಿಂತ ದೊಡ್ಡದಾಗಿರಲಾರದು. ಅದು ಡಬ್ಬಿಯ ಅರ್ಧಕ್ಕಿಂತ ತುಸು ಹೆಚ್ಚು. 3 ಸೆಂಟಿಮೀಟರ್ ಗಂಟಿಗೆ ಡಬ್ಬಿ 27. ಅದರ ಅರ್ಧ 13.5. ಅದರ ಇಪ್ಪತ್ತೊಂದನೆಯ ಒಂದು ಭಾಗ ಸುಮಾರು 0.64. ಒಟ್ಟು 14.14 ಮಿಲಿಲೀಟರ್. ಅಂದು ಆ ತಾಯಿಗೆ ನಾನು ಹೇಳಬೇಕಾಗಿದ್ದುದು ಇಷ್ಟೇ: ಸುಮಾರು ಮೂರು ಚಹಾ ಚಮಚೆಯಷ್ಟು, ಅಮ್ಮಾ, ಅರ್ಧ ಲೋಟವಲ್ಲ.